ನಡುವೆ ಒಂದು ಪೈಸೆಯೂ ಬರದ ಬಾಂಡ್: ನರ್ಮದಾ ನಿಗಮದ 3,600 ರೂಪಾಯಿಯ ಲೆಕ್ಕ

ಬಾಂಡ್ ಗಣಿತ ಹೇಳಿಕೊಡುವಾಗ ನಾನು ಸಾಮಾನ್ಯವಾಗಿ ಝೀರೋ ಕೂಪನ್ ಬಾಂಡ್‌ನಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಬಡ್ಡಿ ಕಂತು ಇಲ್ಲ. ಇವತ್ತು ಒಂದು ಮೊತ್ತ ಕೊಡುತ್ತೀರಿ, ಮುಂದೆ ಒಂದು ದಿನ ದೊಡ್ಡ ಮೊತ್ತ ಪಡೆಯುತ್ತೀರಿ. ನಡುವೆ ಏನೂ ಇಲ್ಲ. ಬೆಲೆ ಕಟ್ಟಲು ಒಂದೇ ಭಾಗಾಕಾರ. ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ ಅನ್ನುವ ಅಳತೆ ಡ್ಯುರೇಶನ್. ಅದನ್ನು ಕಂಡುಹಿಡಿಯಲು ಭಾಗಾಕಾರವೂ ಬೇಡ, ಬಾಕಿ ಇರುವ ವರ್ಷಗಳೇ ಡ್ಯುರೇಶನ್. ಹೀಗೆ ಹೇಳಿ ಮುಂದಕ್ಕೆ ಹೋಗುವುದು ಸುಲಭ. ಆದರೆ ಈ ಎರಡು ಮಾತು ಯಾವಾಗ ನಿಜ, ಯಾವಾಗ ಅಲ್ಲ ಅನ್ನುವುದನ್ನು ತೋರಿಸುವ ಒಂದು ಬಾಂಡ್ ನಮ್ಮ ದೇಶದಲ್ಲೇ ಇತ್ತು. ಈ ಬರಹ ಅದರ ಲೆಕ್ಕ.

ಗುಜರಾತಿನಲ್ಲಿ ನರ್ಮದಾ ನದಿಗೆ ಸರ್ದಾರ್ ಸರೋವರ ಅಣೆಕಟ್ಟು ಕಟ್ಟುತ್ತಿದ್ದ ಸರ್ಕಾರಿ ಕಂಪನಿ ಸರ್ದಾರ್ ಸರೋವರ ನರ್ಮದಾ ನಿಗಮ. ಅದು 1993 ರಲ್ಲಿ ಜನರಿಂದ ಹಣ ಎತ್ತಲು ಡೀಪ್ ಡಿಸ್ಕೌಂಟ್ ಬಾಂಡ್ ಹೊರಡಿಸಿತು. ಡೀಪ್ ಡಿಸ್ಕೌಂಟ್ ಅಂದರೆ ಝೀರೋ ಕೂಪನ್ ಬಾಂಡೇ. ಮುಖಬೆಲೆಗಿಂತ ಬಹಳ ಕಡಿಮೆ ಬೆಲೆಗೆ ಮಾರುತ್ತಾರೆ ಅಂತ ಆ ಹೆಸರು. ಒಂದು ಬಾಂಡಿಗೆ 3,600 ರೂಪಾಯಿ. 20 ವರ್ಷದ ನಂತರ, 2014 ರ ಜನವರಿ 11 ರಂದು, 1,11,000 ರೂಪಾಯಿ ವಾಪಸ್.

ಇದರ ಜೊತೆಗೆ ಇನ್ನೊಂದು ಷರತ್ತು ಇತ್ತು. ಕೊಂಡವರಿಗೆ 20 ವರ್ಷ ಕಾಯಲು ಇಷ್ಟವಿಲ್ಲದಿದ್ದರೆ ನಡುವೆ ಮೂರು ಬಾರಿ ಹೊರಗೆ ಬರಬಹುದಿತ್ತು. 7 ವರ್ಷ ತುಂಬಿದಾಗ 12,500, 11 ವರ್ಷಕ್ಕೆ 25,000, 15 ವರ್ಷಕ್ಕೆ 50,000 ರೂಪಾಯಿ. ಈ ಆಯ್ಕೆ ಬಾಂಡ್ ಇಟ್ಟುಕೊಂಡವರದ್ದು, ನಿಗಮದ್ದಲ್ಲ. ಈ ಸಾಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎಷ್ಟು ಬಡ್ಡಿ ಕೊಟ್ಟ ಹಾಗಾಯಿತು?

3,600 ರೂಪಾಯಿ 1,11,000 ಆಗುವುದು ಅಂದರೆ ಸುಮಾರು 30.8 ಪಟ್ಟು. ಇದನ್ನು ಕೇಳಿದ ಕೂಡಲೇ ತರಗತಿಯಲ್ಲಿ ಯಾರಾದರೂ ಒಬ್ಬರು ಲಾಭವನ್ನು 20 ರಿಂದ ಭಾಗಿಸುತ್ತಾರೆ. ಲಾಭ 1,07,400. ಹಾಕಿದ ಹಣ 3,600. ಹಾಗಾದರೆ ವರ್ಷಕ್ಕೆ ಶೇ. 149! ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಬಡ್ಡಿದರ ಅಲ್ಲ. ಮೊದಲ ವರ್ಷ ಗಳಿಸಿದ್ದು ಎರಡನೇ ವರ್ಷ ತಾನೂ ಗಳಿಸುತ್ತದೆ. ಹೊರಗೆ ಏನೂ ಬಾರದ ಬಾಂಡಿನಲ್ಲಿ ಇಡೀ ಗಳಿಕೆ ಒಳಗೇ ಉಳಿದು ಬೆಳೆಯುತ್ತದೆ. ಆದ್ದರಿಂದ ಇಲ್ಲಿ ಚಕ್ರಬಡ್ಡಿಯೇ ಸರಿಯಾದ ಅಳತೆ. ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾವ ಸಂಖ್ಯೆಯನ್ನು 20 ಸಲ ಗುಣಿಸಿದರೆ 30.83 ಬರುತ್ತದೆ? ಉತ್ತರ 1.187. ಅಂದರೆ ವರ್ಷಕ್ಕೆ ಶೇ. 18.7.

ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಟೈಪ್ ಮಾಡಬಹುದು:

```
=RATE(20,0,-3600,111000)
=(111000/3600)^(1/20)-1
```

ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಮೊದಲನೆಯದರಲ್ಲಿ ಎರಡನೇ ಜಾಗದಲ್ಲಿರುವ ಸೊನ್ನೆಯೇ ಕಂತಿನ ಜಾಗ. ಆ ಸೊನ್ನೆಯಿಂದಲೇ ಇದು ಝೀರೋ ಕೂಪನ್.

ನಡುವಿನ ನಿರ್ಗಮನ ದಿನಗಳಿಗೂ ಇದೇ ಲೆಕ್ಕ ಮಾಡಿ ನೋಡೋಣ. 7 ವರ್ಷಕ್ಕೆ ಹೊರಬಂದವರಿಗೆ ವರ್ಷಕ್ಕೆ ಶೇ. 19.5. 11 ವರ್ಷಕ್ಕೆ ಶೇ. 19.3. 15 ವರ್ಷಕ್ಕೆ ಶೇ. 19.2. ಕೊನೆಯವರೆಗೆ ಕಾದವರಿಗೆ ಶೇ. 18.7. ಮೇಲಿನಿಂದ ನೋಡಿದರೆ ಬೇಗ ಹೊರಬಂದವರೇ ಜಾಣರು ಅನ್ನಿಸುತ್ತದೆ, ಅಲ್ವಾ? ಅದು ಇನ್ನೊಂದು ತಪ್ಪು. 15 ನೇ ವರ್ಷದಲ್ಲಿ ನಿಂತವರು ಶುರುವಿನಿಂದ ಎಷ್ಟು ಸಿಕ್ಕಿತು ಅಂತ ಕೇಳಬಾರದು. ಇನ್ನು ಐದು ವರ್ಷ ಕಾದರೆ ಎಷ್ಟು ಸಿಗುತ್ತದೆ ಅಂತ ಕೇಳಬೇಕು. 50,000 ಐದು ವರ್ಷದಲ್ಲಿ 1,11,000 ಆಗುತ್ತದೆ. ಅದು ವರ್ಷಕ್ಕೆ ಶೇ. 17.29. ಆ ದಿನ ಹೊರಗೆ, ಅಷ್ಟೇ ಭರವಸೆಯ ಜಾಗದಲ್ಲಿ, ಐದು ವರ್ಷಕ್ಕೆ ಶೇ. 17.29 ಕ್ಕಿಂತ ಜಾಸ್ತಿ ಸಿಗುತ್ತಿದ್ದರೆ ಮಾತ್ರ 50,000 ತೆಗೆದುಕೊಂಡು ಹೊರಬರಬೇಕು. ಇಲ್ಲದಿದ್ದರೆ ಕಾಯಬೇಕು. 17.29 ಅನ್ನುವ ಈ ಸಂಖ್ಯೆಯೇ ಈ ಪ್ರಕರಣದ ಕೀಲಿ.

2004 ರ ಜನವರಿಯಲ್ಲಿ ಬೆಲೆ ಎಷ್ಟು?

ಅರ್ಧ ದಾರಿಯಲ್ಲಿ ನಿಲ್ಲೋಣ. 2004 ರ ಜನವರಿ 11. ಇನ್ನು ಸರಿಯಾಗಿ 10 ವರ್ಷ ಬಾಕಿ. 1993 ರ ಕಾಲದ ಎತ್ತರದ ಬಡ್ಡಿ ಈಗ ಇಲ್ಲ. ಕೇಂದ್ರ ಸರ್ಕಾರದ 10 ವರ್ಷದ ಸಾಲಪತ್ರದ ಇಳುವರಿ, ಅಂದರೆ ಆ ದಿನದ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಸಿಗುವ ದರ, ಆಗ ಶೇ. 5 ರ ಆಸುಪಾಸಿನಲ್ಲಿತ್ತು. ನಿಗಮ ಕೇಂದ್ರ ಸರ್ಕಾರವಲ್ಲ, ಅದರ ಬಾಂಡನ್ನು ಬೇಕೆಂದಾಗ ಮಾರುವುದೂ ಸುಲಭವಲ್ಲ. ಆದ್ದರಿಂದ ಅದಕ್ಕಿಂತ ಹೆಚ್ಚಿನ ದರ ಕೇಳಬೇಕು. ಲೆಕ್ಕಕ್ಕೆ ನಾನು ಶೇ. 8 ಇಟ್ಟುಕೊಳ್ಳುತ್ತೇನೆ. ಇದು ನನ್ನ ಆಯ್ಕೆ, ಮಾರುಕಟ್ಟೆಯಲ್ಲಿ ನಡೆದ ವ್ಯವಹಾರದ ದರ ಅಲ್ಲ. ನೀವು 7 ಇಡಬಹುದು, 9 ಇಡಬಹುದು. ಹಾಗೆ ಬದಲಿಸಿದರೆ ಏನಾಗುತ್ತದೆ ಅನ್ನುವುದನ್ನೇ ಡ್ಯುರೇಶನ್ ಹೇಳುತ್ತದೆ.

ಮೊದಲು ನಿರ್ಗಮನದ ಆಯ್ಕೆಗಳನ್ನು ಪಕ್ಕಕ್ಕಿಟ್ಟು ಕೊನೆಯ ಮೊತ್ತವನ್ನು ಮಾತ್ರ ನೋಡೋಣ. 1.08 ನ್ನು 10 ಸಲ ಗುಣಿಸಿದರೆ 2.158925. 1,11,000 ನ್ನು ಅದರಿಂದ ಭಾಗಿಸಿದರೆ 51,414 ರೂಪಾಯಿ.

```
=111000/(1+0.08)^10
```

ಇಷ್ಟೇ. ಸರಿಯಾಗಿದೆಯಾ ಅಂತ ನೋಡಲು ಹಿಂದಕ್ಕೆ ಹೋಗಿ: 51,414 ನ್ನು ಶೇ. 8 ರ ಚಕ್ರಬಡ್ಡಿಗೆ 10 ವರ್ಷ ಇಟ್ಟರೆ 1,11,000 ಆಗಲೇಬೇಕು. ಆಗುತ್ತದೆ.

ಇಲ್ಲಿ ಕಾಲು ಜಾರುವುದು ಭಾಗಾಕಾರದಲ್ಲಿ ಅಲ್ಲ, ಶೇ. 8 ಅನ್ನುವ ಮಾತಿನಲ್ಲಿ. ನಮ್ಮ ದೇಶದಲ್ಲಿ ಸರ್ಕಾರಿ ಸಾಲಪತ್ರಗಳ ಇಳುವರಿಯನ್ನು ಆರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಲೆಕ್ಕದಲ್ಲಿ ಹೇಳುವುದು ರೂಢಿ. ಬಡ್ಡಿ ಕಂತೇ ಇಲ್ಲದ ಬಾಂಡಿಗೂ ಅದೇ ಅಳತೆ ಬಳಸುತ್ತಾರೆ, ಪಕ್ಕದ ಬಾಂಡಿನ ಜೊತೆ ಹೋಲಿಸಬೇಕಲ್ಲ. ನಿಮಗೆ ಯಾರಾದರೂ ಕೊಟ್ಟ ಶೇ. 8 ಆ ರೀತಿಯದ್ದಾದರೆ 1.04 ನ್ನು 20 ಸಲ ಗುಣಿಸಬೇಕು. ಆಗ ಬೆಲೆ 50,659. ಒಂದೇ ಬಾಂಡಿಗೆ 755 ರೂಪಾಯಿ ವ್ಯತ್ಯಾಸ! ಬಾಂಡ್ ಬದಲಾಗಿಲ್ಲ, ಮಾರುಕಟ್ಟೆ ಬದಲಾಗಿಲ್ಲ, ಸುಮ್ನೆ ಮಾತಿನ ಅರ್ಥ ಬದಲಾಯಿತು. ಅದಕ್ಕೇ ದರ ಕೇಳಿದಾಗ "ವರ್ಷಕ್ಕೊಮ್ಮೆಯಾ, ಆರು ತಿಂಗಳಿಗೊಮ್ಮೆಯಾ" ಅಂತ ಕೂಡಲೇ ಕೇಳಿ. ಈ ಬರಹದಲ್ಲಿ ಎಲ್ಲಾ ಕಡೆ ವರ್ಷಕ್ಕೊಮ್ಮೆ.

ಇನ್ನೊಂದು ಸಣ್ಣ ಲೆಕ್ಕ ನನಗೆ ಬಹಳ ಇಷ್ಟ. ದರ ಬದಲಾಗದೆ ಒಂದು ದಿನ ಕಳೆದರೆ ಬೆಲೆ ಎಷ್ಟು ಏರುತ್ತದೆ? 1.08 ರ 365 ನೇ ಮೂಲ ತೆಗೆದರೆ ಒಂದು ದಿನದ ಬೆಳವಣಿಗೆ ಸಿಗುತ್ತದೆ. 51,414 ರೂಪಾಯಿಯ ಮೇಲೆ ಅದು 10 ರೂಪಾಯಿ 84 ಪೈಸೆ. ಬೀರುವಿನಲ್ಲಿ ಮಡಚಿಟ್ಟ ಕಾಗದ. ಯಾರೂ ಚೆಕ್ ಕಳಿಸಿಲ್ಲ, ಪಾಸ್‌ಬುಕ್ಕಿನಲ್ಲಿ ಏನೂ ಬಿದ್ದಿಲ್ಲ. ಆದರೂ ರಾತ್ರಿ ಕಳೆದು ಬೆಳಗಾದಾಗ ಆ ಕಾಗದದ ಬೆಲೆ ಸುಮಾರು 11 ರೂಪಾಯಿ ಜಾಸ್ತಿ. ಮರುದಿನ ಅದಕ್ಕಿಂತ ಸ್ವಲ್ಪ ಜಾಸ್ತಿ. ಕಂತಿಲ್ಲದ ಬಾಂಡಿನಲ್ಲಿ ಬಡ್ಡಿ ಇಲ್ಲ ಅನ್ನುವುದು ತಪ್ಪು. ಬಡ್ಡಿ ಬೆಲೆಯೊಳಗೆ ಕೂತಿರುತ್ತದೆ.

ಡ್ಯುರೇಶನ್ ಏಕೆ ಸರಿಯಾಗಿ 10 ವರ್ಷ?

ಡ್ಯುರೇಶನ್ ಅನ್ನುವ ಅಳತೆಯನ್ನು ಫ್ರೆಡರಿಕ್ ಮೆಕಾಲೆ ಅನ್ನುವ ಕೆನಡಾ ಮೂಲದ ಅರ್ಥಶಾಸ್ತ್ರಜ್ಞ 1938 ರಲ್ಲಿ ಮುಂದಿಟ್ಟರು. ಕೇಳುವ ಪ್ರಶ್ನೆ ಸರಳ. ಬಾಂಡಿನಿಂದ ಬರುವ ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ? ಆದರೆ ಬರೀ ಸರಾಸರಿ ಅಲ್ಲ. ಪ್ರತಿ ಕಂತಿಗೂ ಇವತ್ತಿನ ಬೆಲೆಯಲ್ಲಿ ಎಷ್ಟು ತೂಕವೋ ಅಷ್ಟು ತೂಕ ಕೊಟ್ಟ ಸರಾಸರಿ.

ಹೆಗಲ ಮೇಲೆ ಅಡ್ಡೆ ಹೊರುವುದನ್ನು ನೋಡಿರಬಹುದು. ಉದ್ದದ ಬಿದಿರು, ಅದಕ್ಕೆ ಅಲ್ಲಲ್ಲಿ ನೇತುಹಾಕಿದ ಭಾರ. ಹೆಗಲು ಎಲ್ಲಿ ಕೊಟ್ಟರೆ ಬಿದಿರು ಸಮವಾಗಿ ನಿಲ್ಲುತ್ತದೋ ಅದೇ ಡ್ಯುರೇಶನ್. ಶೇ. 8 ರ ಕಂತನ್ನು ವರ್ಷಕ್ಕೊಮ್ಮೆ ಕೊಡುವ 10 ವರ್ಷದ ಸಾಮಾನ್ಯ ಬಾಂಡ್ ತೆಗೆದುಕೊಳ್ಳಿ, ಇಳುವರಿಯೂ ಶೇ. 8. ಅದರ ಬೆಲೆಯಲ್ಲಿ ಕೊನೆಗೆ ಬರುವ ಅಸಲಿನ ಪಾಲು ಸುಮಾರು ಶೇ. 46 ಮಾತ್ರ. ಉಳಿದ ತೂಕವೆಲ್ಲ 1 ರಿಂದ 10 ನೇ ವರ್ಷದವರೆಗೆ ಹರಡಿದ ಬಡ್ಡಿ ಕಂತುಗಳದ್ದು. ಅವು ಹೆಗಲನ್ನು ಈಚೆಗೆ ಎಳೆಯುತ್ತವೆ. ಸಮತೋಲ ಸಿಗುವುದು 7.25 ವರ್ಷದಲ್ಲಿ.

ನರ್ಮದಾ ಬಾಂಡಿನ ಅಡ್ಡೆಗೆ ಒಂದೇ ಭಾರ, ಬಿದಿರಿನ ಆ ತುದಿಯಲ್ಲಿ. ಬೇರೆಲ್ಲೂ ಏನೂ ಇಲ್ಲ. ಹೆಗಲು ಆ ಭಾರದ ಕೆಳಗೇ ಇರಬೇಕು. ಲೆಕ್ಕದಲ್ಲಿ ಬರೆದರೂ ಅಷ್ಟೇ: 10 ವರ್ಷ ಗುಣಿಸು 51,414, ಅದನ್ನು ಒಟ್ಟು ಬೆಲೆಯಾದ 51,414 ರಿಂದ ಭಾಗಿಸು. ಮೇಲೆ ಕೆಳಗೆ ಒಂದೇ ಸಂಖ್ಯೆ, ಹೊಡೆದುಹೋಗುತ್ತದೆ. 10 ಉಳಿಯುತ್ತದೆ.

ಇದರಿಂದ ಹೊರಡುವ ಒಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಳುವರಿ 8 ಇರಲಿ, 12 ಇರಲಿ, ಈ ಡ್ಯುರೇಶನ್ ಕದಲುವುದಿಲ್ಲ. ಕಂತು ಕೊಡುವ ಬಾಂಡಿನಲ್ಲಿ ಇಳುವರಿ ಏರಿದರೆ ದೂರದ ಕಂತುಗಳ ತೂಕ ಕುಗ್ಗಿ ಡ್ಯುರೇಶನ್ ಕಡಿಮೆಯಾಗುತ್ತದೆ. ಇಲ್ಲಿ ಭಾರ ಹಗುರಾದರೂ ಅದು ಇರುವ ಜಾಗ ಅದೇ. ಹಾಗೆಯೇ ಒಂದು ದಿನ ಕಳೆದರೆ ಡ್ಯುರೇಶನ್ ಸರಿಯಾಗಿ ಒಂದು ದಿನ ಕಡಿಮೆ. ಕಂತಿನ ಬಾಂಡಿನಲ್ಲಿ ಕಂತು ಕೊಟ್ಟ ದಿನ ಹತ್ತಿರದ ಭಾರ ಕಳಚಿಬಿದ್ದು ಡ್ಯುರೇಶನ್ ಸ್ವಲ್ಪ ಮೇಲಕ್ಕೆ ಹಾರುತ್ತದೆ. ಇಲ್ಲಿ ಅಂಥ ಹಾರಾಟ ಇಲ್ಲ.

ಈಗ ಈ 10 ರಿಂದ ಬೆಲೆಯ ಏರಿಳಿತ ಅಳೆಯೋಣ. ಅದಕ್ಕೆ ಬೇಕಾದದ್ದು ಮಾಡಿಫೈಡ್ ಡ್ಯುರೇಶನ್. 10 ನ್ನು 1.08 ರಿಂದ ಭಾಗಿಸಿ: 9.26. ಅರ್ಥ ಏನೆಂದರೆ, ಇಳುವರಿ ಶೇಕಡಾ ಒಂದು ಅಂಶ ಏರಿದರೆ ಬೆಲೆ ಸುಮಾರು ಶೇ. 9.26 ಇಳಿಯುತ್ತದೆ. ಈ ಭಾಗಾಕಾರ ಮರೆತು ಸೀದಾ 10 ನ್ನೇ ಬಳಸುವವರು ಹೆಚ್ಚು. ಆರು ತಿಂಗಳ ಲೆಕ್ಕದ ಇಳುವರಿಯಾದರೆ 1.04 ರಿಂದ ಭಾಗಿಸಬೇಕು, ಆಗ 9.62. ಸ್ಪ್ರೆಡ್‌ಶೀಟಿನಲ್ಲಿ ಕೊನೆಯ ಅಂಕಿ ಇದನ್ನು ನಿರ್ಧರಿಸುತ್ತದೆ:

```
=MDURATION(DATE(2004,1,11),DATE(2014,1,11),0,0.08,1)
```

ಕೊನೆಯ 1 ಅಂದರೆ ವರ್ಷಕ್ಕೊಮ್ಮೆ. ಅಲ್ಲಿ 2 ಹಾಕಿದರೆ 9.62 ಬರುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಬೆಲೆ ಕಟ್ಟುವಾಗ ಒಂದು, ಡ್ಯುರೇಶನ್‌ಗೆ ಇನ್ನೊಂದು ಬಳಸಿದರೆ ಮಾತ್ರ ತಪ್ಪು.

ಅಂದಾಜು ಎಷ್ಟು ಸರಿ ಅಂತ ಪರೀಕ್ಷಿಸೋಣ. ಇಳುವರಿ ಶೇ. 9 ಆದರೆ ನಿಜವಾದ ಬೆಲೆ 46,888. ಇಳಿಕೆ ಶೇ. 8.80. ಶೇ. 7 ಆದರೆ ಬೆಲೆ 56,427. ಏರಿಕೆ ಶೇ. 9.75. ಡ್ಯುರೇಶನ್ ಎರಡೂ ಕಡೆಗೆ 9.26 ಅಂತ ಹೇಳಿತ್ತು. ಇಳಿಯುವಾಗ ಹೇಳಿದ್ದಕ್ಕಿಂತ ಕಡಿಮೆ ಇಳಿಯಿತು, ಏರುವಾಗ ಜಾಸ್ತಿ ಏರಿತು. ಎರಡೂ ಕಡೆ ಸುಮಾರು ಅರ್ಧ ಅಂಶ, ಎರಡೂ ಬಾಂಡ್ ಇಟ್ಟುಕೊಂಡವರ ಪರವಾಗಿ. ಇದಕ್ಕೆ ಕಾನ್ವೆಕ್ಸಿಟಿ ಅನ್ನುತ್ತಾರೆ. ಬೆಲೆಯ ಗೆರೆ ನೇರ ಅಲ್ಲ, ಬಾಗಿದೆ. ಕಂತಿಲ್ಲದ ಬಾಂಡಿಗೆ ಇದರ ಸೂತ್ರವೂ ಚಿಕ್ಕದು: ಬಾಕಿ ವರ್ಷ 10, ಅದಕ್ಕೆ ಒಂದು ಸೇರಿಸಿ 11, ಎರಡನ್ನೂ ಗುಣಿಸಿ 110, ಅದನ್ನು 1.08 ರ ವರ್ಗದಿಂದ ಭಾಗಿಸಿದರೆ 94.3. ಅದರ ಅರ್ಧವನ್ನು ದರ ಬದಲಾವಣೆಯ ವರ್ಗದಿಂದ ಗುಣಿಸಿದರೆ ಶೇ. 0.47. 9.26 ರಲ್ಲಿ ಅದನ್ನು ಕಳೆದರೆ 8.79, ಕೂಡಿದರೆ 9.73. ನಿಜವಾದ ಬೆಲೆಗೆ ಬಹಳ ಹತ್ತಿರ.

ಆದರೆ ಬಾಗಿಲುಗಳಿದ್ದವಲ್ಲ

ಇಲ್ಲಿಯವರೆಗೆ ನಿರ್ಗಮನದ ಆಯ್ಕೆಗಳನ್ನು ಪಕ್ಕಕ್ಕಿಟ್ಟಿದ್ದೆ. ಈಗ ತೆಗೆದುಕೊಳ್ಳೋಣ. 2004 ರ ಜನವರಿಯಲ್ಲಿ 7 ನೇ ವರ್ಷದ ಬಾಗಿಲು ಮುಚ್ಚಿಯಾಗಿದೆ. ಇನ್ನೆರಡು ಬಾಕಿ: ಒಂದು ವರ್ಷಕ್ಕೆ 25,000, ಐದು ವರ್ಷಕ್ಕೆ 50,000. ಕೊನೆಗೆ 1,11,000. ಮೂರರಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಹಾಗಾಗಿ ಮೂರಕ್ಕೂ ಇವತ್ತಿನ ಬೆಲೆ ಕಟ್ಟಿ ಯಾವುದು ದೊಡ್ಡದು ಅಂತ ನೋಡಬೇಕು.

ಶೇ. 8 ರಲ್ಲಿ ಒಂದು ವರ್ಷದ 25,000 ದ ಬೆಲೆ 23,148. ಐದು ವರ್ಷದ 50,000 ದ ಬೆಲೆ 34,029. ಕೊನೆಯದರ ಬೆಲೆ 51,414. ಅನುಮಾನವೇ ಇಲ್ಲ, ಕೊನೆಯವರೆಗೆ ಕಾಯಬೇಕು. ಬಾಗಿಲುಗಳು ಇದ್ದರೂ ಇಲ್ಲದ ಹಾಗೆಯೇ. ಡ್ಯುರೇಶನ್ 10.

ಈಗ ಬಡ್ಡಿ ಶೇ. 18 ಕ್ಕೆ ಏರಿತು ಅಂದುಕೊಳ್ಳಿ. ಕೊನೆಯದರ ಬೆಲೆ 21,208. ಐದು ವರ್ಷದ್ದು 21,855. ಒಂದು ವರ್ಷದ್ದು 21,186. ಈಗ ಐದು ವರ್ಷದ ಬಾಗಿಲೇ ಮೇಲು. ಅದೇ ಬಾಂಡಿನ ಡ್ಯುರೇಶನ್ 5. ಶೇ. 20 ಆದರೆ ಇನ್ನೂ ಬೇರೆ. ಕೊನೆಯದು 17,927, ಐದು ವರ್ಷದ್ದು 20,094, ಒಂದು ವರ್ಷದ್ದು 20,833. ಡ್ಯುರೇಶನ್ ಬರೀ 1.

ಒಂದೇ ಕಾಗದ. ಡ್ಯುರೇಶನ್ ಮಾತ್ರ 10, 5, 1. ದರ 17.29 ದಾಟಿದ ಕೂಡಲೇ ಮೊದಲ ಜಿಗಿತ, 18.92 ದಾಟಿದಾಗ ಎರಡನೆಯದು. 18.92 ಎಲ್ಲಿಂದ ಬಂತು ಅಂದರೆ, 25,000 ನಾಲ್ಕು ವರ್ಷದಲ್ಲಿ 50,000 ಆಗುವ ದರ ಅದು. ನಿಜವಾದ ಮಾರುಕಟ್ಟೆಯಲ್ಲಿ ಜಿಗಿತ ಇಷ್ಟು ಚೂಪಾಗಿರುವುದಿಲ್ಲ. ಮುಂದೆ ದರ ಎತ್ತ ಹೋಗುತ್ತದೋ ಅನ್ನುವ ಅನಿಶ್ಚಿತತೆಗೂ ಒಂದು ಬೆಲೆ ಇದೆ, ಅದು ಅಂಚನ್ನು ಮೊಂಡು ಮಾಡುತ್ತದೆ. ಆದರೆ ದಿಕ್ಕು ಇದೇ. ದರ ಏರಿ ಬಾಂಡಿಗೆ ಪೆಟ್ಟು ಬೀಳುವ ಹೊತ್ತಿಗೆ ಡ್ಯುರೇಶನ್ ಕುಗ್ಗಿ ಪೆಟ್ಟನ್ನು ತಗ್ಗಿಸುತ್ತದೆ. ಬಾಗಿಲ ಕೀಲಿ ಹೂಡಿಕೆದಾರರ ಕೈಯಲ್ಲಿದ್ದರೆ ಇದೇ ಲಾಭ.

ಕೀಲಿ ಆ ಕಡೆಯವರ ಕೈಗೆ ಹೋದರೆ?

2008: ಹೊಸ ದಿನಾಂಕ

2008 ರಲ್ಲಿ ಗುಜರಾತ್ ವಿಧಾನಸಭೆ ಒಂದು ಕಾನೂನು ಮಾಡಿ, ಈ ಬಾಂಡುಗಳನ್ನು ಅವಧಿಗೆ ಮೊದಲೇ ತೀರಿಸುವ ಅಧಿಕಾರವನ್ನು ನಿಗಮಕ್ಕೆ ಕೊಟ್ಟಿತು. 2009 ರ ಜನವರಿಯಲ್ಲಿ, 15 ವರ್ಷ ತುಂಬುವ ಹೊತ್ತಿಗೆ, ಬಾಂಡಿಗೆ 50,000 ರೂಪಾಯಿ ಕೊಟ್ಟು ಲೆಕ್ಕ ಮುಗಿಸುವುದು ಅಂತಾಯಿತು. ನಿಗಮದ ಕಡೆಯ ಲೆಕ್ಕವೂ ಅರ್ಥವಾಗುವಂಥದ್ದೇ. ಬಡ್ಡಿ ಇಳಿದ ಕಾಲದಲ್ಲಿ ಇನ್ನೂ ಐದು ವರ್ಷ ಶೇ. 17.29 ರ ಸಾಲ ಹೊರುವುದು ದೊಡ್ಡ ಹೊರೆ. ಯಾವ ಸಾಲಗಾರನಾದರೂ ಅದನ್ನು ಇಳಿಸಲು ನೋಡುತ್ತಾನೆ. ಆದರೆ ಬಾಂಡ್ ಮಾರುವಾಗ ಕೊಟ್ಟ ಮಾತಿನಲ್ಲಿ 15 ನೇ ವರ್ಷದ ಬಾಗಿಲು ಕೊಂಡವರದ್ದಾಗಿತ್ತು. ಈಗ ಅದೇ ಬಾಗಿಲನ್ನು ಆ ಕಡೆಯಿಂದ ತೆಗೆದ ಹಾಗಾಯಿತು. ನನ್ನ ಮಟ್ಟಿಗೆ ಇದು ಸಣ್ಣ ಬದಲಾವಣೆ ಅಲ್ಲ. ಎಷ್ಟು ದೊಡ್ಡದು ಅಂತ ಅಳೆದು ತೋರಿಸಬಹುದು.

ಆ ತೀರಿಕೆಗೆ ಒಂದು ವರ್ಷ ಮೊದಲು ನಿಲ್ಲೋಣ. 2014 ಕ್ಕೆ 6 ವರ್ಷ ಬಾಕಿ. ಅದೇ ಶೇ. 8 ಹಿಡಿದರೆ 1,11,000 ದ ಬೆಲೆ 69,949. ಡ್ಯುರೇಶನ್ 6. ಕಾನೂನಿನ ನಂತರ ಬರಲಿರುವುದು ಒಂದು ವರ್ಷಕ್ಕೆ 50,000. ಬೆಲೆ 46,296. ಡ್ಯುರೇಶನ್ 1. ಬೆಲೆ ಇಳಿದದ್ದು 23,653 ರೂಪಾಯಿ, ಶೇ. 33.8.

ಇಷ್ಟು ಇಳಿಕೆಯನ್ನು ಬಡ್ಡಿದರ ಒಂದೇ ತರಬೇಕಾಗಿದ್ದರೆ ಆರು ವರ್ಷದ ಇಳುವರಿ ಶೇ. 8 ರಿಂದ ಸುಮಾರು 15.7 ಕ್ಕೆ ಏರಬೇಕಿತ್ತು. ಇದನ್ನು ಡ್ಯುರೇಶನ್ ಮುಂಚೆಯೇ ಹೇಳಬಹುದಿತ್ತಾ? ಇಲ್ಲ. ಡ್ಯುರೇಶನ್ ಅಳೆಯುವುದು ದರ ಬದಲಾದರೆ ಏನಾಗುತ್ತದೆ ಅನ್ನುವುದನ್ನು. ದಿನಾಂಕವೇ ಬದಲಾದರೆ ಅದಕ್ಕೆ ಉತ್ತರವಿಲ್ಲ. ಹೆಗಲನ್ನು ಭಾರದ ಕೆಳಗೆ ಇಟ್ಟುಕೊಂಡು ನಡೆಯುತ್ತಿದ್ದವರ ಭಾರವನ್ನು ಬೇರೆಯವರು ಸರಿಸಿ, ಅರ್ಧಕ್ಕಿಂತ ಕಡಿಮೆ ಮಾಡಿ ಹತ್ತಿರಕ್ಕೆ ತಂದ ಹಾಗೆ.

ಇದಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದು. ಕಂತಿಲ್ಲದ ಬಾಂಡನ್ನು ಜನ ಯಾಕೆ ಕೊಳ್ಳುತ್ತಾರೆ? ಒಂದು ದಿನಾಂಕಕ್ಕೆ ಒಂದು ಮೊತ್ತ ಬೇಕು ಅಂತ. ಮಗಳ ಓದು, ನಿವೃತ್ತಿ, ಮನೆಯ ಸಾಲದ ಕೊನೆಯ ಕಂತು. ಕಂತು ಕೊಡುವ ಬಾಂಡಿನಲ್ಲಿ ನಡುವೆ ಬಂದ ಬಡ್ಡಿಯನ್ನು ಮತ್ತೆ ಎಲ್ಲಿ ಹಾಕುವುದು, ಎಷ್ಟು ದರಕ್ಕೆ ಅನ್ನುವ ಚಿಂತೆ ಇರುತ್ತದೆ. ಇದಕ್ಕೆ ಮರುಹೂಡಿಕೆಯ ಅಪಾಯ ಅನ್ನುತ್ತಾರೆ. ಕಂತೇ ಇಲ್ಲದಿದ್ದರೆ ಆ ಚಿಂತೆಯೂ ಇಲ್ಲ. ನಡುವೆ ಬೆಲೆ ಎಷ್ಟೇ ಕುಣಿಯಲಿ, ಬೇಕಾದ ದಿನ ಮತ್ತು ಡ್ಯುರೇಶನ್ ಒಂದೇ ಆಗಿದ್ದರೆ ಕೊನೆಯ ಮೊತ್ತ ಅಲುಗಾಡುವುದಿಲ್ಲ. 20 ವರ್ಷದ ಡ್ಯುರೇಶನ್ ಅಂದರೆ ಏರಿಳಿತ ಭಯಂಕರ ಅಂತ ಮಾತ್ರ ಹೇಳುವವರು ಈ ಇನ್ನೊಂದು ಮುಖ ಹೇಳುವುದಿಲ್ಲ. ನಾಳೆ ಮಾರಬೇಕಾದವರಿಗೆ ಅದು ಅಪಾಯ. 20 ವರ್ಷಕ್ಕೆ ಸರಿಯಾಗಿ ಹಣ ಬೇಕಾದವರಿಗೆ ಅದೇ ರಕ್ಷಣೆ.

2014 ರ ಜನವರಿಗೆ ಅಂತ ಇಟ್ಟುಕೊಂಡಿದ್ದವರನ್ನು ನೆನೆಸಿಕೊಳ್ಳಿ. 2009 ರಲ್ಲಿ ಕೈಗೆ 50,000 ಬಂತು. ಅದನ್ನು ಶೇ. 8 ಕ್ಕೆ ಐದು ವರ್ಷ ಇಟ್ಟರೂ 73,466 ಆಗುತ್ತದೆ. ಬೇಕಿದ್ದದ್ದು 1,11,000. ಕಡಿಮೆ ಬಿದ್ದದ್ದು 37,534. ಅವರು ಹದಿನೈದು ವರ್ಷ ಯಾವ ಅಪಾಯದಿಂದ ದೂರ ಇರಲು ಬಾಂಡ್ ಇಟ್ಟುಕೊಂಡಿದ್ದರೋ, ಅದು ಬಡ್ಡಿ ಕಡಿಮೆ ಇರುವ ಕಾಲದಲ್ಲೇ ಎದುರಿಗೆ ಬಂತು. ಇದು ಕಾಕತಾಳೀಯ ಅಲ್ಲ. ಸಾಲ ಪಡೆದವರು ಅವಧಿಗೆ ಮೊದಲು ತೀರಿಸಲು ಬಯಸುವುದೇ ಬಡ್ಡಿ ಇಳಿದಾಗ.

"ಆದರೂ ಅವರಿಗೆ ಶೇ. 19.2 ಸಿಕ್ಕಿತಲ್ಲ, ನಷ್ಟ ಎಲ್ಲಿ?" ಅಂತ ಕೇಳುವವರಿದ್ದಾರೆ. ಹಿಂದಿನ 15 ವರ್ಷದ ಲೆಕ್ಕಕ್ಕೆ ಆ ಸಂಖ್ಯೆ ಸರಿ, ಅದನ್ನು ನಾನೂ ಅಲ್ಲಗಳೆಯುವುದಿಲ್ಲ. 20 ವರ್ಷ ಕಾದಿದ್ದರೆ ಸಿಗುತ್ತಿದ್ದ 18.7 ಕ್ಕಿಂತ ಅದು ಜಾಸ್ತಿಯೂ ಹೌದು. ಆದರೆ ಮೊದಲೇ ನೋಡಿದೆವು, ಈ ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. 2009 ರ ಜನವರಿಯಲ್ಲಿ ಅವರ ಕೈಯಲ್ಲಿದ್ದದ್ದು ಐದು ವರ್ಷದ, 1,11,000 ರೂಪಾಯಿಯ ಝೀರೋ ಕೂಪನ್ ಬಾಂಡ್. ಶೇ. 8 ರಲ್ಲಿ ಅದರ ಬೆಲೆ 75,545. ಶೇ. 10 ಹಿಡಿದರೂ 68,922. ನಿಮ್ಮ ಲೆಕ್ಕದಲ್ಲಿ ಅದರ ಬೆಲೆ 50,000 ಆಗಬೇಕಾದರೆ ಶೇ. 17.29 ಇಡಬೇಕು. ಆ ದಿನ ಯಾವ ನಂಬಿಗಸ್ತ ಸಾಲಗಾರನೂ ಐದು ವರ್ಷಕ್ಕೆ ಆ ದರ ಕೊಡುತ್ತಿರಲಿಲ್ಲ.

ಇಂಥ ಬಾಂಡ್ ಮುಂದೆ ನಿಮ್ಮ ಕೈಗೆ ಬಂದರೆ ನಾನು ನೋಡುವ ಕ್ರಮ ಇದು. ಮೊದಲು ಷರತ್ತಿನ ಕಾಗದದಲ್ಲಿ ಎಷ್ಟು ದಿನಾಂಕಗಳಿವೆ ಅಂತ ಎಣಿಸುತ್ತೇನೆ. ಒಂದೇ ಇದ್ದರೆ ಡ್ಯುರೇಶನ್ ಬಾಕಿ ವರ್ಷ, ಅಲ್ಲಿಗೆ ಮುಗಿಯಿತು. ಕೇಂದ್ರ ಸರ್ಕಾರದ 91, 182 ಮತ್ತು 364 ದಿನದ ಖಜಾನೆ ಬಿಲ್‌ಗಳು ಹೀಗೆಯೇ. ಸರ್ಕಾರಿ ಸಾಲಪತ್ರದ ಕಂತುಗಳನ್ನು ಬಿಡಿಸಿ ಬೇರೆಬೇರೆ ಮಾರುವ ಸ್ಟ್ರಿಪ್ಸ್ ಕೂಡ ಹೀಗೆಯೇ. ಒಂದಕ್ಕಿಂತ ಹೆಚ್ಚು ದಿನಾಂಕ ಇದ್ದರೆ, ಪ್ರತಿಯೊಂದರ ಪಕ್ಕ ಆಯ್ಕೆ ಯಾರದ್ದು ಅಂತ ಬರೆಯುತ್ತೇನೆ. ಕೊಂಡವರದ್ದಾದರೆ ಎಲ್ಲಾ ದಿನಾಂಕಗಳ ಇವತ್ತಿನ ಬೆಲೆಯಲ್ಲಿ ದೊಡ್ಡದನ್ನು ಹಿಡಿಯುತ್ತೇನೆ. ಹೊರಡಿಸಿದವರದ್ದಾದರೆ ಚಿಕ್ಕದನ್ನು. ಆಮೇಲೆ ಎರಡು ದಿನಾಂಕಗಳ ನಡುವಿನ ದರ ತೆಗೆಯುತ್ತೇನೆ, ನರ್ಮದಾ ಬಾಂಡಿನಲ್ಲಿ 17.29 ತೆಗೆದ ಹಾಗೆ. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿದ್ದರೆ, ಸಾಲ ಪಡೆದವರಿಗೆ ಬೇಗ ತೀರಿಸುವ ಆಸೆ ಎಷ್ಟಿದೆ ಅಂತ ಆ ಅಂತರವೇ ಹೇಳುತ್ತದೆ. 2008 ರಲ್ಲಿ, ನಾನು ಹಿಡಿದ ಶೇ. 8 ರ ಲೆಕ್ಕದಲ್ಲಿ, ಆ ಅಂತರ ಒಂಬತ್ತು ಅಂಶಕ್ಕಿಂತ ಜಾಸ್ತಿ ಇತ್ತು.